ಪದಚರ್ಚೆ: ‘ಕೆಲಸದ ಅವಧಿಯ ಶೇ. 20’ ಎಂದರೆ ಯಾವ ಅವಧಿಯ ಶೇ. 20?

ಮಾನ್ಯರೇ,

ಅಪ್ರೆಂಟಿಸ್ ಒಬ್ಬರ ತರಬೇತಿ ಒಪ್ಪಂದವನ್ನು ಕನ್ನಡಕ್ಕೆ ತರುವಾಗ ಒಂದು ವಾಕ್ಯ ನನ್ನನ್ನು ಮೂರು ದಿನ ಕಾಡಿದೆ. ಒಪ್ಪಂದದ ನಿಯಮ ಇಷ್ಟೇ: ಅಪ್ರೆಂಟಿಸ್ ವಾರಕ್ಕೆ 35 ಗಂಟೆಗಳಿಗೆ ನೇಮಕವಾಗಿರುತ್ತಾರೆ, ಆ ಅವಧಿಯ ಕನಿಷ್ಠ ಐದನೆಯ ಒಂದು ಪಾಲು ಕಲಿಕೆಗೆ ಮೀಸಲು, ತರಗತಿಯಲ್ಲಿ ಕಳೆದ ಸಮಯ ಈ ಪಾಲಿನ ಲೆಕ್ಕಕ್ಕೆ ಬರುತ್ತದೆ. ನಾನು ಮೊದಲು ಬರೆದದ್ದು ಹೀಗೆ: ‘ವಾರಕ್ಕೆ 35 ಗಂಟೆಗಳ ಕೆಲಸ ಹಾಗೂ ಕೆಲಸದ ಅವಧಿಯ ಶೇ. 20ರಷ್ಟು ತರಗತಿ ಕಲಿಕೆ.’

ಇದನ್ನು ಮೂವರಿಗೆ ಓದಲು ಕೊಟ್ಟೆ, ಮೂರು ವೇಳಾಪಟ್ಟಿಗಳು ಬಂದವು. ಮೇಲ್ವಿಚಾರಕರು 35 ಗಂಟೆ ದುಡಿಮೆ, ಅದರ ಮೇಲೆ 7 ಗಂಟೆ ತರಗತಿ ಎಂದು ಓದಿ ವಾರವನ್ನು 42 ಗಂಟೆ ಮಾಡಿದರು. ಲೆಕ್ಕಪತ್ರ ನೋಡುವವರು 35ರ ಒಳಗೇ 7 ಗಂಟೆ ತೆಗೆದು ದುಡಿಮೆಗೆ 28 ಉಳಿಸಿದರು. ಮೂರನೆಯವರು ವಾರವನ್ನು 35 ಗಂಟೆಯಲ್ಲೇ ಇಟ್ಟುಕೊಂಡರು. ಆದರೆ ‘ಕೆಲಸದ ಅವಧಿ’ ಎಂದರೆ ಕೈಯಿಂದ ಕೆಲಸ ಮಾಡುವ ಅವಧಿ ಮಾತ್ರ ಎಂದು ತಿಳಿದು, ತರಗತಿಗೆ 5 ಗಂಟೆ 50 ನಿಮಿಷ, ದುಡಿಮೆಗೆ 29 ಗಂಟೆ 10 ನಿಮಿಷ ಹಂಚಿದರು. ಮೂಲ ನಿಯಮಕ್ಕೆ ಹೊಂದುವುದು ಎರಡನೆಯದು ಮಾತ್ರ.

ನನ್ನನ್ನು ಹೆಚ್ಚು ಚಿಂತೆಗೀಡುಮಾಡಿದ್ದು ಮೇಲ್ವಿಚಾರಕರ ಓದು. ಅದು ವಾರವನ್ನು 7 ಗಂಟೆ ಹಿಗ್ಗಿಸಿಯೂ ಪಾಲನ್ನು ಪೂರೈಸುವುದಿಲ್ಲ, ಏಕೆಂದರೆ 42ರಲ್ಲಿ 7 ಎಂದರೆ ಆರನೆಯ ಒಂದು ಪಾಲಷ್ಟೇ. ಒಟ್ಟಿನ ಐದನೆಯ ಒಂದು ಪಾಲು ಕಲಿಕೆಗೆ ಹೋದರೆ ಉಳಿಯುವುದು ಐದರಲ್ಲಿ ನಾಲ್ಕು. ಆದ್ದರಿಂದ ಕಲಿಕೆಯು ದುಡಿಮೆಯ ಕಾಲು ಭಾಗವಾಗಿರಬೇಕು, ಐದನೆಯ ಒಂದು ಭಾಗವಲ್ಲ. ಮೂರನೆಯವರ ಲೆಕ್ಕವೂ ಇದೇ ಕಾರಣಕ್ಕೆ ಆರನೆಯ ಒಂದು ಪಾಲಿಗೇ ನಿಂತಿತು. ಇಂತಹ ತಪ್ಪನ್ನು ಕಂಡುಹಿಡಿಯುವುದು ಸುಲಭ: ಕಲಿಕೆಯ ಗಂಟೆಗಳನ್ನು ಐದರಿಂದ ಗುಣಿಸಿದರೆ ಇಡೀ ವಾರ ಬರಬೇಕು.

‘ಕೆಲಸ’ ಎಂಬ ಪದ ನಮ್ಮಲ್ಲಿ ನೌಕರಿಗೂ ಸಲ್ಲುತ್ತದೆ, ದುಡಿಮೆಗೂ ಸಲ್ಲುತ್ತದೆ. ಗೊಂದಲದ ಬೇರು ಅಲ್ಲಿದೆ ಎಂಬುದು ನನ್ನ ಅನಿಸಿಕೆ. ಇವೆರಡನ್ನೂ ಬೇರ್ಪಡಿಸುವ, ಓದಿದವರಿಗೆ ತೊಡಕಾಗದ ಪದಗಳನ್ನು ಸೂಚಿಸಬೇಕಾಗಿ ವಿನಂತಿ.

ಉತ್ತರ 1

‘ಅಪ್ರೆಂಟಿಸ್’ ಪದವನ್ನು ಹಾಗೆಯೇ ಉಳಿಸಿಕೊಂಡದ್ದೇಕೆ? ಸರಕಾರಿ ಪ್ರಕಟಣೆಗಳಲ್ಲಿ ‘ಶಿಶಿಕ್ಷು’ ಎಂಬ ಪದ ಬಳಕೆಯಲ್ಲಿದೆ. ಒಪ್ಪಂದದಂತಹ ಗಂಭೀರ ಬರಹಕ್ಕೆ ಅದೇ ಹೆಚ್ಚು ಒಪ್ಪುತ್ತದೆ.

ಉತ್ತರ 2

ಪ್ರಶ್ನೆ ಗಂಟೆಗಳದ್ದು, ವ್ಯಕ್ತಿಯ ಹೆಸರಿನದ್ದಲ್ಲ. ನನ್ನ ದೃಷ್ಟಿಯಲ್ಲಿ ‘ಪೈಕಿ’ ಎಂಬ ಒಂದೇ ಪದದಿಂದ ತೊಡಕು ಬಿಡುತ್ತದೆ. ‘ವಾರದ 35 ಗಂಟೆಗಳ ಪೈಕಿ ಕನಿಷ್ಠ 7 ಗಂಟೆ ಕಲಿಕೆ’ ಎಂದು ಬರೆದರೆ ಮೇಲೆ ಸೇರಿಸಲು ಯಾರಿಗೂ ಎಡೆಯಿರುವುದಿಲ್ಲ. ಶೇಕಡಾ ಎಂಬುದನ್ನೇ ಕೈಬಿಡಿ.

ಉತ್ತರ 3

ನಾನು ಹಲವು ವರ್ಷ ಅಪ್ರೆಂಟಿಸ್‌ಗಳ ಹಾಜರಿ ಮತ್ತು ತರಬೇತಿ ದಾಖಲೆಗಳನ್ನು ನೋಡಿಕೊಂಡವಳು. ‘ಪೈಕಿ’ ಒಳ್ಳೆಯ ಪದವೇ. ಆದರೆ ಮೇಲಿನ ವಾಕ್ಯ ಪ್ರತಿ ವಾರವೂ ತಪ್ಪದೆ 7 ಗಂಟೆ ಇರಲೇಬೇಕೆಂಬ ಅರ್ಥ ಕೊಡುತ್ತದೆ. ಸಾಮಾನ್ಯವಾಗಿ ಪಾಲನ್ನು ಇಡೀ ತರಬೇತಿ ಅವಧಿಯ ಮೇಲೆ ಅಳೆಯುತ್ತಾರೆ, ವಾರದ ಅಂಕಿ ಅದರ ಸರಾಸರಿ ಮಾತ್ರ.

ಒಂದು ವರ್ಷದ ತರಬೇತಿಯಲ್ಲಿ ರಜೆಯ 6 ವಾರಗಳನ್ನು ಕಳೆದರೆ 46 ವಾರ ಉಳಿಯುತ್ತವೆ ಎಂದುಕೊಳ್ಳೋಣ. ವಾರಕ್ಕೆ 7ರಂತೆ ಬೇಕಾದದ್ದು 322 ಗಂಟೆ. ತರಗತಿ ನಡೆಯುವುದು 36 ವಾರ ಮಾತ್ರ, ವಾರಕ್ಕೆ ಒಂದು ದಿನ. ಇಲ್ಲಿ ಎಲ್ಲರೂ ಎಡವುವ ಜಾಗವೊಂದಿದೆ: ತರಗತಿಯ ದಿನವನ್ನು ಪೂರ್ತಿ 7 ಗಂಟೆ ಎಂದು ಬರೆದುಬಿಡುತ್ತಾರೆ. ಊಟದ ವಿರಾಮವನ್ನು ಬಿಟ್ಟು ಪಾಠ ನಡೆದದ್ದು 6 ಗಂಟೆಯಾದರೆ ಲೆಕ್ಕಕ್ಕೆ ಬರುವುದೂ 6 ಗಂಟೆಯೇ. ಆಗ ವರ್ಷಕ್ಕೆ ಸಿಗುವುದು 216 ಗಂಟೆ, ಕೊರತೆ 106. ಅದನ್ನು 46 ವಾರಗಳಿಗೆ ಹಂಚಿದರೆ ವಾರಕ್ಕೆ ಸುಮಾರು 2 ಗಂಟೆ 18 ನಿಮಿಷದ ಬೇರೆ ಕಲಿಕೆ ಬೇಕು. ಅನುಭವಿಗಳ ಜೊತೆಗಿದ್ದು ಹೊಸ ಕೌಶಲವನ್ನು ಗಮನಿಸಿ ಕಲಿಯುವುದು, ದಿನನಿತ್ಯದ ಕೆಲಸದಲ್ಲಿ ಬಾರದ ಯಂತ್ರವೊಂದರ ಅಭ್ಯಾಸ, ಇಂತಹವುಗಳಿಂದ ಅದನ್ನು ತುಂಬುತ್ತಾರೆ. ತರಗತಿಯೊಂದರಿಂದಲೇ ಪಾಲು ತುಂಬಿತೆಂದು ನಂಬಿದ ಕಡೆ, ಕೊರತೆ ಕಣ್ಣಿಗೆ ಬೀಳುವುದು ಕೊನೆಯ ಎರಡು ತಿಂಗಳಲ್ಲಿ. ಆಗ ಸರಿಪಡಿಸಲು ಸಮಯವಿರುವುದಿಲ್ಲ.

ಶೇಕಡಾ ಕೈಬಿಡುವ ಸಲಹೆಗೆ ಒಂದು ನಿದರ್ಶನವಿದೆ. ಇಂಗ್ಲೆಂಡಿನಲ್ಲಿ ಮೊದಲು ಅಪ್ರೆಂಟಿಸ್‌ನ ಕೆಲಸದ ಗಂಟೆಗಳ ಶೇ. 20 ಎಂಬ ನಿಯಮವಿತ್ತು. 2022ರ ಆಗಸ್ಟ್‌ನಿಂದ, ವಾರಕ್ಕೆ 30 ಗಂಟೆ ಅಥವಾ ಅದಕ್ಕಿಂತ ಹೆಚ್ಚು ದುಡಿಯುವವರಿಗೆ ಕನಿಷ್ಠ ಮಿತಿಯನ್ನು ವಾರಕ್ಕೆ ಸರಾಸರಿ 6 ಗಂಟೆ ಎಂದು ನಿಗದಿ ಮಾಡಿದರು. 2025ರ ಆಗಸ್ಟ್‌ನಲ್ಲಿ ನಿಯಮ ಬದಲಾಗುವವರೆಗೆ ಅಲ್ಲಿ 35 ಗಂಟೆಯವರಿಗೂ 40 ಗಂಟೆಯವರಿಗೂ ಅದೇ 6 ಇತ್ತು. ನಿಮ್ಮ ಒಪ್ಪಂದದಲ್ಲಿ ಪಾಲು ಎಂದೇ ಇರುವುದರಿಂದ ನೀವು ಪಾಲನ್ನೂ ಗಂಟೆಯನ್ನೂ ಎರಡನ್ನೂ ಬರೆಯುವುದು ಲೇಸು. ನಾಳೆ ವಾರ 35ರಿಂದ 38 ಗಂಟೆಗೆ ಏರಿದರೆ 7 ಎಂಬ ಅಂಕಿ ಸುಳ್ಳಾಗುತ್ತದೆ, ಪಾಲು ಆಗುವುದಿಲ್ಲ.

ಉತ್ತರ 4

ನನ್ನ ಮಗಳು ಅಪ್ರೆಂಟಿಸ್ ಆಗಿದ್ದಾಗ ತರಗತಿಗಳೆಲ್ಲ ಸಂಜೆ ನಡೆಯುತ್ತಿದ್ದವು. ಹಗಲಿಡೀ ದುಡಿದು ಅಲ್ಲಿಗೆ ಹೋಗುತ್ತಿದ್ದಳು. ಒಪ್ಪಂದದಲ್ಲಿ ‘ಕೆಲಸದ ಹೊರಗಿನ ತರಬೇತಿ’ ಎಂದಿತ್ತು. ಕೇಳಿದಾಗ, ಹೊರಗಿನದು ಎಂದ ಮೇಲೆ ಕೆಲಸದ ವೇಳೆಯಲ್ಲಿ ಹೇಗೆ ಕೊಡಲಾಗುತ್ತದೆ ಎಂದರು. ನಾವು ಅದನ್ನು ನಂಬಿದೆವು. ಆ ಮಾತಿನ ಅರ್ಥ ಅದಲ್ಲವೆಂದು ಈಗ ಅನುಮಾನ ಬರುತ್ತಿದೆ.

ಉತ್ತರ 3 ಬರೆದವರಿಂದ

ತಮ್ಮ ಅನುಮಾನಕ್ಕೆ ಆಧಾರವಿದೆ. ಆ ಪದಗುಚ್ಛದಲ್ಲಿ ‘ಹೊರಗೆ’ ಎಂಬುದು ನಿತ್ಯದ ಉತ್ಪಾದನೆಯಿಂದ ಹೊರಗೆ ಎಂಬ ಅರ್ಥದ್ದು, ಸಂಬಳದ ವೇಳೆಯಿಂದ ಹೊರಗೆ ಎಂದಲ್ಲ. ನಾನು ಹೇಳಿದ ಇಂಗ್ಲೆಂಡಿನ ನಿಯಮದಲ್ಲಿ ಕಲಿಕೆ ಸಾಮಾನ್ಯ ಕೆಲಸದ ವೇಳೆಯಲ್ಲೇ ನಡೆಯಬೇಕು. ಸಂಜೆ ನಡೆದರೆ ಅಷ್ಟು ಸಮಯವನ್ನು ಬೇರೆ ದಿನ ಬಿಡುವಾಗಿ ಹಿಂದಿರುಗಿಸಬೇಕು. ಮಗಳ ಒಪ್ಪಂದದಲ್ಲಿ ವೇಳೆಯ ಬಗ್ಗೆ ಬೇರೆ ಷರತ್ತು ಏನಿತ್ತೆಂದು ನೋಡದೆ ಅದಕ್ಕಿಂತ ಹೆಚ್ಚು ಹೇಳಲಾರೆ. ಅನುವಾದಕರು ಮಾತ್ರ ‘ಹೊರಗಿನ’ ಎಂಬ ಪದವನ್ನು ದಯವಿಟ್ಟು ಬಳಸದಿರಲಿ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ವಂದನೆಗಳು. ಉತ್ತರ 4ನ್ನು ಓದಿದ ಮೇಲೆ ‘ಹೊರಗಿನ’ ಎಂಬುದನ್ನು ನನ್ನ ಕರಡಿನ ಎರಡು ಕಡೆಗಳಿಂದ ತೆಗೆದೆ. ಒಟ್ಟು ಅವಧಿಗೆ ‘ಸಂಬಳದ ಗಂಟೆ’, ಅದರೊಳಗಿನ ಎರಡು ಭಾಗಗಳಿಗೆ ‘ದುಡಿಮೆಯ ಗಂಟೆ’ ಮತ್ತು ‘ಕಲಿಕೆಯ ಗಂಟೆ’ ಎಂದು ಇಟ್ಟುಕೊಂಡು ವಾಕ್ಯವನ್ನು ಹೀಗೆ ತಿದ್ದಿದ್ದೇನೆ:

‘ದುಡಿಮೆ ಮತ್ತು ಕಲಿಕೆ ಎರಡೂ ಸೇರಿ ಅಪ್ರೆಂಟಿಸ್‌ಗೆ ವಾರಕ್ಕೆ 35 ಸಂಬಳದ ಗಂಟೆಗಳು. ರಜೆಯ ವಾರಗಳನ್ನು ಬಿಟ್ಟು ತರಬೇತಿ ಅವಧಿಯ ಒಟ್ಟು ಸಂಬಳದ ಗಂಟೆಗಳಲ್ಲಿ ಐದನೆಯ ಒಂದು ಪಾಲಿಗೆ, ಅಂದರೆ ವಾರಕ್ಕೆ ಸರಾಸರಿ 7 ಗಂಟೆಗೆ, ಕಡಿಮೆಯಾಗದಂತೆ ಕಲಿಕೆಯ ಗಂಟೆಗಳಿರಬೇಕು. ಪಾಠ ನಡೆದ ತರಗತಿಯ ಸಮಯವನ್ನು ಕಲಿಕೆಯ ಗಂಟೆಗಳಲ್ಲಿ ಎಣಿಸಲಾಗುವುದು.’

ಅದೇ ಮೂವರಿಗೆ ಮತ್ತೆ ಕೊಟ್ಟೆ. ಇಬ್ಬರು 28 ಮತ್ತು 7 ಎಂದರು. ಮೇಲ್ವಿಚಾರಕರೂ ಅದನ್ನೇ ಹೇಳಿ, ಇನ್ನೊಂದು ಪ್ರಶ್ನೆ ಎತ್ತಿದರು: ತರಗತಿಯಲ್ಲಿ ಕೊಟ್ಟ ಲಿಖಿತ ಅಭ್ಯಾಸವನ್ನು ಅಪ್ರೆಂಟಿಸ್ ಕೆಲಸದ ಮೇಜಿನಲ್ಲೇ ಕುಳಿತು ಮಾಡಿದರೆ ಅದು ಯಾವ ಗಂಟೆ? ಸಂಬಳದ ವೇಳೆಯಲ್ಲಿ ನಡೆದಿರುವುದರಿಂದ ಕಲಿಕೆಯ ಗಂಟೆ ಎಂದೇ ನನಗೆ ತೋರುತ್ತದೆ. ಆದರೆ ನನ್ನ ವಾಕ್ಯ ‘ತರಗತಿಯ ಸಮಯ’ವನ್ನು ಮಾತ್ರ ಹೆಸರಿಸಿರುವುದರಿಂದ ಉಳಿದದ್ದೆಲ್ಲ ಹೊರಗುಳಿಯಿತು ಎಂದು ಅವರು ಓದಿದ್ದೂ ತಪ್ಪಲ್ಲ. ‘ತರಗತಿಯ ಸಮಯವನ್ನೂ’ ಎಂದು ‘ಊ’ ಸೇರಿಸಿದರೆ ಸಾಕಾಗುವುದೇ, ಅಥವಾ ಎಣಿಕೆಗೆ ಬರುವ ಉಳಿದವುಗಳನ್ನು ಹೆಸರಿಸಿಯೇ ಬರೆಯಬೇಕೇ?