ಮೊದಲ ಸಲ ಒಳಗೆ ಬಿಡುತ್ತದೆ, ಎರಡನೇ ಸಲ ಪಾಸ್‌ವರ್ಡ್ ತಪ್ಪು ಅನ್ನುತ್ತದೆ

ಹೊಸಬ: ಶುಕ್ರವಾರ ನಮ್ಮ ಪಿಎಚ್‌ಪಿ ಸೈಟಿನ ಪಾಸ್‌ವರ್ಡ್ ಹ್ಯಾಶಿಂಗನ್ನು ಎಸ್‌ಎಚ್‌ಎ-1ರಿಂದ ಬಿಕ್ರಿಪ್ಟ್‌ಗೆ ಬದಲಿಸಿದೆ. ಯಾರಾದರೂ ಲಾಗಿನ್ ಆದಾಗ ಹಳೆಯ ಹ್ಯಾಶ್ ತಾಳೆಯಾದರೆ, ಅದೇ ಪಾಸ್‌ವರ್ಡಿಗೆ `password_hash` ಮಾಡಿ ಹಳೆಯದರ ಜಾಗದಲ್ಲಿ ಬರೆಯುತ್ತೇನೆ. ಸೋಮವಾರದಿಂದ ದೂರೋ ದೂರು. ಒಮ್ಮೆ ಒಳಗೆ ಹೋದವರಿಗೇ ಎರಡನೇ ಸಲ ಹೋಗಲು ಆಗುತ್ತಿಲ್ಲ. ‘ಪಾಸ್‌ವರ್ಡ್ ಮರೆತಿದ್ದೇನೆ’ ಒತ್ತಿ ಹೊಸದು ಇಟ್ಟುಕೊಂಡರೆ ಅದನ್ನೂ ಒಪ್ಪುವುದಿಲ್ಲ. ಎಲ್ಲಿ ಎಡವಿದೆ?

ನೀಲಿಪರದೆ: ನಮಗೂ ಹೀಗೇ ಆಗಿತ್ತು. ಪಿಎಚ್‌ಪಿಯಿಂದ ಬಂದ ಹ್ಯಾಶ್ `$2y$` ಅಂತ ಶುರುವಾಗುತ್ತಿತ್ತು, ನಾವು ಆಗ ಬಳಸುತ್ತಿದ್ದ ನೋಡ್ ಲೈಬ್ರರಿಗೆ `$2a$` ಮಾತ್ರ ಗೊತ್ತಿತ್ತು. ಆ ಒಂದು ಅಕ್ಷರ ಬದಲಿಸಿದ ಕೂಡಲೇ ಸರಿಹೋಯಿತು. ನೀವೂ ಬದಲಿಸಿ ನೋಡಿ.

ದೀಪದಕಂಬ: ಅವರು ಬರೆಯುವುದೂ ಓದುವುದೂ ಪಿಎಚ್‌ಪಿಯಲ್ಲೇ. ಏನನ್ನೂ ಬದಲಿಸಬೇಡಿ. ಹೊಸಬ ಅವರೇ, ಇದನ್ನು ಓಡಿಸಿ ಏನು ಬಂತು ಹೇಳಿ:

```sql
SELECT LENGTH(pwd), COUNT(*) FROM users GROUP BY LENGTH(pwd);
```

ಹೊಸಬ: ಒಂದೇ ಸಾಲು ಬಂತು. ಎಲ್ಲ 9,480 ಜನರದ್ದೂ 40.

ಅರ್ಧಚಂದ್ರ: ಸಿಕ್ಕಿತಲ್ಲ! 40 ಅಕ್ಷರ ಅಂದರೆ ಎಸ್‌ಎಚ್‌ಎ-1. ನಿಮ್ಮ ಬದಲಾವಣೆ ಆಗಿಯೇ ಇಲ್ಲ. ಹೊಸ ಕೋಡ್ ಸರ್ವರಿಗೆ ಹೋಗಿಲ್ಲ, ಸುಮ್ನೆ ಮತ್ತೆ ಡಿಪ್ಲಾಯ್ ಮಾಡಿ.

ದೀಪದಕಂಬ: ಉದ್ದ ನೋಡಿ ಮೋಸ ಹೋಗಬೇಡಿ. ಇನ್ನೊಂದು ಸಲ:

```sql
SELECT COUNT(*) FROM users WHERE pwd LIKE '$2y$%';
```

ಹೊಸಬ: 1,312. ಅಯ್ಯೋ. ಕಾಲಂ `CHAR(40)` ಇದೆ, ಈಗ ನೋಡಿದೆ.

ದೀಪದಕಂಬ: ಅದೇ. ಬಿಕ್ರಿಪ್ಟ್ ಕೊಡುವುದು 60 ಅಕ್ಷರ, ನಿಮ್ಮ ಕಾಲಂ ಹಿಡಿಯುವುದು 40. ಬಾಲದ 20 ಕತ್ತರಿಸಿ ಹೋಗಿದೆ. ಮೊದಲ ಲಾಗಿನ್ ಹಳೆಯ ಹ್ಯಾಶಿನ ಮೇಲೆ ನಡೆಯಿತು, ಅದಕ್ಕೇ ಒಳಗೆ ಬಿಟ್ಟಿತು. ಎರಡನೆಯದು ತುಂಡಾದ ಹ್ಯಾಶಿನ ಮೇಲೆ ನಡೆಯಿತು. ರೀಸೆಟ್ ಮಾಡಿದರೂ ಅದೇ ಕಾಲಮ್ಮಿಗೆ ಬರೆಯುತ್ತದೆ, ಅಲ್ಲೂ ಅದೇ ಕತ್ತರಿ. ಇನ್ನೊಂದು ಕೇಳುತ್ತೇನೆ. ಇದು ಹಳೆಯ ಹ್ಯಾಶೋ ಹೊಸದೋ ಅಂತ ನಿಮ್ಮ ಕೋಡ್ ಹೇಗೆ ತಿಳಿಯುತ್ತದೆ?

ಹೊಸಬ: ಉದ್ದ 40 ಇದ್ದರೆ ಹಳೆಯದು... ಓಹೋ. ಅದಕ್ಕೇ ಲಾಗ್ ಫೈಲಿನಲ್ಲಿ ‘ಎಸ್‌ಎಚ್‌ಎ-1 ತಾಳೆಯಾಗಿಲ್ಲ’ ಅಂತ ಬರುತ್ತಿತ್ತು. ಎರಡು ದಿನ ಆ ಫಂಕ್ಷನ್ನನ್ನೇ ಕೆದಕುತ್ತಾ ಕೂತಿದ್ದೆ.

ಅರ್ಧಚಂದ್ರ: ಒಂದು ನಿಮಿಷ. ಮೈಎಸ್‌ಕ್ಯೂಎಲ್ 5.7ರಿಂದ ಈಚೆಗೆ ಸ್ಟ್ರಿಕ್ಟ್ ಮೋಡ್ ಇರುತ್ತದೆ. ಉದ್ದ ಜಾಸ್ತಿಯಾದರೆ `Data too long for column` ಅಂತ ತಪ್ಪು ತೋರಿಸಿ ನಿಲ್ಲುತ್ತದೆ, ಕತ್ತರಿಸುವುದಿಲ್ಲ. ದಾಖಲೆ ಓದಿ ಮಾತಾಡಿ.

ದೀಪದಕಂಬ: ಅದು ಯಾರೂ ಮುಟ್ಟದೇ ಇದ್ದಾಗ. ಆಪ್ ಸಂಪರ್ಕ ತೆರೆಯುವಾಗ `SET sql_mode = ''` ಅಂದರೆ ಎಚ್ಚರಿಕೆ ಮಾತ್ರ ಕೊಟ್ಟು ಕತ್ತರಿಸುತ್ತದೆ. `SELECT @@sql_mode` ಅನ್ನು ಆಪ್‌ನೊಳಗಿಂದ ಓಡಿಸಿ, ನಿಮ್ಮ ಟರ್ಮಿನಲ್ಲಿನಿಂದ ಅಲ್ಲ.

ಹೊಸಬ: ಖಾಲಿ ಬಂತು. ಯಾವ ಕಾಲದ್ದೋ ಒಂದು ಕಾನ್ಫಿಗ್ ಸಾಲು.

ಅರ್ಧಚಂದ್ರ: ಅಂದರೆ ತಪ್ಪು ಕಾನ್ಫಿಗ್‌ನದು, ಮೈಎಸ್‌ಕ್ಯೂಎಲ್‌ನದಲ್ಲ. ನಾನು ಹೇಳಿದ್ದೂ ಅಷ್ಟೇ. ಈಗ ಗುರುವಾರದ ಬ್ಯಾಕಪ್‌ನಿಂದ ಆ 1,312 ಜನರ ಹಳೆಯ ಹ್ಯಾಶ್ ತಂದು ಹಾಕಿಬಿಡಿ, ಕೆಲಸ ಮುಗಿಯಿತು.

ದೀಪದಕಂಬ: ಶುಕ್ರವಾರದ ಮೇಲೆ ಸೇರಿದವರು ಆ ಬ್ಯಾಕಪ್‌ನಲ್ಲಿ ಇಲ್ಲವೇ ಇಲ್ಲ. ಈ ನಡುವೆ ರೀಸೆಟ್ ಮಾಡಿಕೊಂಡವರಿಗೆ ಬೇಡದ ಹಳೆಯ ಪಾಸ್‌ವರ್ಡ್ ವಾಪಸ್ ಬರುತ್ತದೆ. ಅಷ್ಟೆಲ್ಲ ಯಾಕೆ? ತುಂಡಾದ ಹ್ಯಾಶ್ ಪೂರ್ತಿ ಹಾಳಾಗಿಲ್ಲ. ಮೊದಲ 7 ಅಕ್ಷರ `$2y$10$`, ಆಮೇಲೆ 22 ಅಕ್ಷರ ಸಾಲ್ಟ್, ಒಟ್ಟು 29. ಸಾಲ್ಟ್ ಪೂರ್ತಿ ಉಳಿದಿದೆ, ಫಲಿತಾಂಶದ 31ರಲ್ಲಿ 11 ಅಕ್ಷರವೂ ಉಳಿದಿದೆ. ಮೊದಲು ಕಾಲಂ `VARCHAR(255)` ಮಾಡಿ, ಆ ಕಾನ್ಫಿಗ್ ಸಾಲು ಕಿತ್ತುಹಾಕಿ. ಹಳೆಯದೋ ಹೊಸದೋ ಅನ್ನುವುದನ್ನು ಉದ್ದ ಬಿಟ್ಟು `$2y$` ನೋಡಿ ತೀರ್ಮಾನಿಸಿ. `$2y$` ಇದ್ದೂ ಉದ್ದ 40 ಇರುವವರಿಗೆ ಮಾತ್ರ ಇದು:

```php
$h = crypt($pw, substr($row, 0, 29));
if (hash_equals($row, substr($h, 0, 40))) {
    // ಸರಿ: $h ಪೂರ್ತಿ 60 ಅಕ್ಷರ, ಅದನ್ನೇ ಬರೆಯಿರಿ
}
```

ಕಾವಲುಗಾರ: ಏನ್ರೀ ಇದು, ‘11 ಅಕ್ಷರ ಉಳಿದಿದೆ’ ಅಂತ ಸಮಾಧಾನ ಹೇಳುತ್ತಿದ್ದೀರಾ? 11 ಅಕ್ಷರವನ್ನು ಇವತ್ತಿನ ಗ್ರಾಫಿಕ್ಸ್ ಕಾರ್ಡು ಚಿಂದಿ ಮಾಡುತ್ತದೆ. ಅರ್ಧ ಹ್ಯಾಶ್ ಒಪ್ಪುವ ಲಾಗಿನ್ ಅಂದರೆ ಅರ್ಧ ಬೀಗ ಹಾಕಿದ ಬಾಗಿಲು. ಎಲ್ಲರಿಗೂ ರೀಸೆಟ್ ಕಳಿಸಿ.

ದೀಪದಕಂಬ: ಅದು 11 ಅಕ್ಷರದ ಪಾಸ್‌ವರ್ಡ್ ಅಲ್ಲ, ಹ್ಯಾಶಿನ 11 ಅಕ್ಷರ. ಒಂದಕ್ಕೆ 6 ಬಿಟ್, ಒಟ್ಟು 66 ಬಿಟ್. ತಪ್ಪು ಪಾಸ್‌ವರ್ಡ್ ಆಕಸ್ಮಿಕವಾಗಿ ತಾಳೆಯಾಗುವ ಸಾಧ್ಯತೆ 2ರ 66ನೇ ಘಾತದಲ್ಲಿ ಒಂದು, ಅಂದರೆ 7ರ ಮುಂದೆ 19 ಸೊನ್ನೆ ಬರೆದಷ್ಟರಲ್ಲಿ ಒಂದು. ಟೇಬಲ್ ಕದ್ದವನು ಊಹಿಸುವುದು ಪಾಸ್‌ವರ್ಡನ್ನು. ಪ್ರತಿ ಊಹೆಗೂ ಬಿಕ್ರಿಪ್ಟ್‌ನ ಪೂರ್ತಿ 1,024 ಸುತ್ತು ಓಡಿಸಲೇಬೇಕು. ಬಾಲ ಇದ್ದರೂ ಅಷ್ಟೇ ಕೆಲಸ, ಇಲ್ಲದಿದ್ದರೂ ಅಷ್ಟೇ.

ಕಾವಲುಗಾರ: ‘ಆಕಸ್ಮಿಕವಾಗಿ’ ಅಂತ ನೀವೇ ಒಪ್ಪಿಕೊಂಡಿರಲ್ಲ. ಭದ್ರತೆಯಲ್ಲಿ ಆಕಸ್ಮಿಕಕ್ಕೆ ಜಾಗ ಇಲ್ಲ.

ದೀಪದಕಂಬ: ಪೂರ್ತಿ ಬಿಕ್ರಿಪ್ಟ್‌ನಲ್ಲೂ ಆಕಸ್ಮಿಕ ಇದೆ ಮಾರಾಯರೇ, 2ರ 184ನೇ ಘಾತದಲ್ಲಿ ಒಂದು. ಸಂಖ್ಯೆ ನೋಡಿ, ಪದ ಹಿಡಿದು ಜಗ್ಗಬೇಡಿ. ಭಯ ಬೀಳಬೇಕಾದದ್ದು ಉಳಿದ 8,168 ಜನರ ಬಗ್ಗೆ. ಅವರ ಎಸ್‌ಎಚ್‌ಎ-1 ಇನ್ನೂ ಹಾಗೇ ಕೂತಿದೆ. ಗ್ರಾಫಿಕ್ಸ್ ಕಾರ್ಡು ಚಿಂದಿ ಮಾಡುವುದು ಅದನ್ನು.

ಕಾವಲುಗಾರ: ವಿಷಯ ಬದಲಿಸಬೇಡಿ. ಲಾಗಿನ್ ಕೋಡಿನಲ್ಲಿ `substr` ಕಂಡರೆ ನಾನು ಪರಿಶೀಲನೆಯಲ್ಲೇ ಎತ್ತಿ ಬಿಸಾಕುತ್ತೇನೆ.

ನೀಲಿಪರದೆ: ಲೈಬ್ರರಿಯ ಆವೃತ್ತಿ ಯಾವುದು ಅಂತ ಯಾರೂ ಕೇಳಲೇ ಇಲ್ಲ.

ಅರ್ಧಚಂದ್ರ: ‘ಪರಿಶೀಲನೆ’ ಅಂದಿರಲ್ಲ ಕಾವಲುಗಾರರೇ, ನಿಮ್ಮಂಥವರು ಅವತ್ತು ಕಾಲಂ ಉದ್ದ ನೋಡಿದ್ದರೆ ಇದೆಲ್ಲ ಆಗುತ್ತಿರಲಿಲ್ಲ. 255 ಇಡಿ ಅಂತ `password_hash` ಪುಟದಲ್ಲೇ ಬರೆದಿದೆ.

ಕಾವಲುಗಾರ: ಅದು ನನ್ನ ಸೈಟಲ್ಲ. ಮೊದಲು 40 ನೋಡಿ ‘ಎಸ್‌ಎಚ್‌ಎ-1’ ಅಂತ ತೀರ್ಪು ಕೊಟ್ಟವರು ಯಾರು ಅಂತ ಮೇಲೆ ಹೋಗಿ ಓದಿ.

ಅರ್ಧಚಂದ್ರ: 40 ಅಂದರೆ ಎಸ್‌ಎಚ್‌ಎ-1ರ ಉದ್ದ ಹೌದೋ ಅಲ್ವೋ? ಅಷ್ಟು ಹೇಳಿ.

ಕಾವಲುಗಾರ: ಇಂಥವರ ಹತ್ತಿರ ಏನು ಮಾತಾಡುವುದು.

ಹೊಸಬ: ನಿನ್ನೆ ಸಂಜೆ ಕಾಲಂ ಅಗಲ ಮಾಡಿ, ದೀಪದಕಂಬ ಅವರ ಕೋಡ್ ಹಾಕಿದೆ. ನನ್ನ ಖಾತೆ ಮೂರು ಸಲ ಲಾಗಿನ್ ಆಯಿತು, ಮೂರೂ ಸಲ ಸರಿ. ತುಂಡಾದ ಹ್ಯಾಶ್‌ಗಳ ಎಣಿಕೆ ಈಗ 1,312ರಿಂದ 871ಕ್ಕೆ ಇಳಿದಿದೆ. ನಾಲ್ಕು ಜನ ಇನ್ನೂ ಆಗುತ್ತಿಲ್ಲ ಅನ್ನುತ್ತಿದ್ದಾರೆ. ಗಡಿಬಿಡಿಯಲ್ಲಿ ಹಲವು ಸಲ ರೀಸೆಟ್ ಮಾಡಿಕೊಂಡವರು, ಕೊನೆಗೆ ಯಾವುದು ಇಟ್ಟರೋ ಅವರಿಗೇ ನೆನಪಿಲ್ಲ.

ದೀಪದಕಂಬ: ಆ ನಾಲ್ವರಿಗೆ ಈಗ ರೀಸೆಟ್ ಕಳಿಸಿ, ಕಾಲಂ ಸರಿ ಇದೆ. ಉಳಿದವರಿಗೆ ಈ ದಾರಿ 90 ದಿನ ಇರಲಿ. ಆಮೇಲೂ ಬಾರದವರ ಹ್ಯಾಶ್ ಅಳಿಸಿ, ಮುಂದೆ ಬಂದಾಗ ರೀಸೆಟ್ ಕೇಳಲಿ, ಆ ಕೋಡನ್ನೂ ತೆಗೆಯಿರಿ.

ಕಾವಲುಗಾರ: ಕೊನೆಗೆ ರೀಸೆಟ್‌ಗೇ ಬಂದಿರಲ್ಲ. ನಾನು ಮೊದಲೇ ಹೇಳಿರಲಿಲ್ಲವೇ?