ಅಪ್‌ಡೇಟ್: ಮರೈನ್ ಎಂಜಿನಿಯರಿಂಗ್‌ಗೆ ತಮ್ಮನ ಪಿಯು ಅಂಕ ಸಾಕಾಯಿತೇ?

ನಾನು ಕೇಳಿದ್ದು: "ಒಟ್ಟು ಶೇಕಡಾವಾರು ಚೆನ್ನಾಗಿದೆ. ಇಂಗ್ಲಿಷ್‌ನಲ್ಲಿ ಮಾತ್ರ 44. ಐಎಂಯು ಸಿಇಟಿ ಮೂಲಕ ಬಿ.ಟೆಕ್ ಮರೈನ್‌ಗೆ ತಮ್ಮ ಅರ್ಹನಾ?"

ಉತ್ತರಿಸಿದ ಎಲ್ಲರಿಗೂ ಧನ್ಯವಾದ. ನಾವು ಹೆದರಿದ್ದು ಇಂಗ್ಲಿಷ್‌ಗೆ, ತೊಡಕಿದ್ದದ್ದು ಬೇರೆ ಕಡೆ. ಇಂಗ್ಲಿಷ್‌ನಲ್ಲಿ ಶೇ. 50 ಹತ್ತನೇ ತರಗತಿಯಲ್ಲಿ ಅಥವಾ ಹನ್ನೆರಡನೇ ತರಗತಿಯಲ್ಲಿ, ಒಂದು ಕಡೆ ಇದ್ದರೆ ಸಾಕು. ಎಸ್ಸೆಸ್ಸೆಲ್ಸಿಯಲ್ಲಿ ಅವನಿಗೆ 81 ಬಂದಿದೆ. ಆ ಚಿಂತೆ ಅಲ್ಲಿಗೆ ಮುಗಿಯಿತು.

ಆದರೆ ಆ ಒಟ್ಟು ಶೇಕಡಾವಾರು ಇಲ್ಲಿ ಲೆಕ್ಕಕ್ಕೇ ಇಲ್ಲ! ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಮೂರರ ಸರಾಸರಿ ಶೇ. 60 ಇರಬೇಕು, ಅಂದರೆ 300ಕ್ಕೆ 180. ಕನ್ನಡದಲ್ಲಿ ಎಷ್ಟು ಜಾಸ್ತಿ ಬಂದರೂ ಇದಕ್ಕೆ ಸೇರುವುದಿಲ್ಲ. ಅವನಿಗಿದ್ದದ್ದು ಭೌತಶಾಸ್ತ್ರ 46, ರಸಾಯನಶಾಸ್ತ್ರ 52, ಗಣಿತ 77. ಒಟ್ಟು 175, ಅಂದರೆ ಶೇ. 58.3. ಬರೀ ಐದು ಅಂಕ ಕಡಿಮೆ, ಅಲ್ವಾ? ಎಷ್ಟು ಸಂಕಟವಾಯಿತು ಗೊತ್ತಾ!

ಆಮೇಲೆ ಪಿಯು ಪರೀಕ್ಷೆ-2ರಲ್ಲಿ ಭೌತಶಾಸ್ತ್ರ ಮಾತ್ರ ಮತ್ತೆ ಬರೆದ. 46ರಲ್ಲಿ ಪ್ರಾಯೋಗಿಕದ್ದೇ 24, ಥಿಯರಿಯಲ್ಲಿ 70ಕ್ಕೆ ಬರೀ 22. ಹಾಗಾಗಿ ಏರಲು ಜಾಗ ಇದ್ದದ್ದು ಇಲ್ಲೇ. ಪ್ರಾಯೋಗಿಕದ ಅಂಕ ಹಾಗೇ ಉಳಿಯಿತು, ಥಿಯರಿಯಲ್ಲಿ ಈಗ 31. ಮರುಪರೀಕ್ಷೆಯಲ್ಲಿ ಕಡಿಮೆ ಬಂದರೂ ಹಳೆಯ ಅಂಕವೇ ಉಳಿಯುತ್ತಿತ್ತು, ಅದಕ್ಕೇ ಧೈರ್ಯವಾಗಿ ಬರೆದ.

ಈಗ ಒಟ್ಟು 184, ಶೇ. 61.3. ಅರ್ಹತೆ ಸಿಕ್ಕಿತು. ಇನ್ನು ಉಳಿದಿರುವುದು ಕಣ್ಣಿನ ಪರೀಕ್ಷೆ. ಬಣ್ಣಗುರುಡು ಇದ್ದರೆ ಈ ಕೋರ್ಸ್ ಸಿಗುವುದಿಲ್ಲ, ಅದನ್ನು ಈ ವಾರವೇ ಮಾಡಿಸುತ್ತಿದ್ದೇವೆ.