1703ರ ಪೀಕ್ ಕೀಟೋನಿನದೋ, ಆಲ್ಡಿಹೈಡಿನದೋ: ಅಪರಿಚಿತ ದ್ರವದ ಐಆರ್ ವರದಿ ಬರೆಯುವವರಿಗೆ ಅನುಭವದ ಮಾತುಗಳು

ಪ್ರಶ್ನೆ (ಬಿ.ಎಸ್ಸಿ. ಅಂತಿಮ ವರ್ಷದ ವಿದ್ಯಾರ್ಥಿ): ಲ್ಯಾಬಿನಲ್ಲಿ ಕೊಟ್ಟ ಅಪರಿಚಿತ ದ್ರವ ಕಾರ್ಬೊನಿಲ್ ಸಂಯುಕ್ತ ಎಂದಷ್ಟೇ ಹೇಳಿದ್ದಾರೆ. ಎಟಿಆರ್ ಉಪಕರಣದಲ್ಲಿ ತೆಗೆದ ಐಆರ್ ಸ್ಪೆಕ್ಟ್ರಮ್‌ನಲ್ಲಿ ಅತಿ ಬಲವಾದ ಪೀಕ್ 1703ರಲ್ಲಿದೆ, ಅದಕ್ಕೆ ಅಂಟಿಕೊಂಡಂತೆ 1690ರ ಬಳಿ ಸಣ್ಣ ಶೋಲ್ಡರ್ ಇದೆ. ಉಳಿದವು 3064, 2820, 2738, 1597, 1584, 1391, 1204, 828, 746, 688. 3400ರ ಹತ್ತಿರ ಬಹಳ ಕ್ಷೀಣವಾದ ಒಂದು ಉಬ್ಬು. ನಾನು ಕೀಟೋನ್ ಎನ್ನುತ್ತಿದ್ದೇನೆ, ಜೊತೆಗಾರ್ತಿ ಕಾರ್ಬಾಕ್ಸಿಲಿಕ್ ಆಮ್ಲ ಎನ್ನುತ್ತಾಳೆ. ವರದಿಯಲ್ಲಿ ಯಾವುದಕ್ಕೆ ಏನು ಬರೆಯಲಿ?

ಎಂ.ಎಸ್ಸಿ. ವಿದ್ಯಾರ್ಥಿ, ಮೈಸೂರು: 3064, 1597 ಮತ್ತು 1584 ಒಟ್ಟಿಗೆ ಬಂದಿರುವುದರಿಂದ ಬೆಂಜೀನ್ ಉಂಗುರ ಇದೆಯೆಂದು ಧೈರ್ಯವಾಗಿ ಬರೆಯಿರಿ. ಆದರೆ ಕೀಟೋನ್ ಎಂಬುದನ್ನು ನಾನು ಒಪ್ಪುವುದಿಲ್ಲ. 1204ರ ಬಲವಾದ ಪೀಕ್ C–O ಬಂಧದ್ದೇ ಇರಬೇಕು, ಆದ್ದರಿಂದ ಇದು ಎಸ್ಟರ್. 828ರಲ್ಲಿ ಪೀಕ್ ಇರುವುದರಿಂದ ಉಂಗುರದ ಎದುರುಬದುರು ಸ್ಥಾನಗಳಲ್ಲಿ ಎರಡು ಗುಂಪುಗಳಿವೆ ಎಂದೂ ತೋರುತ್ತದೆ.

ರಸಾಯನಶಾಸ್ತ್ರ ಉಪನ್ಯಾಸಕಿ, ಧಾರವಾಡ: ಉಂಗುರದ ವಿಚಾರದಲ್ಲಿ ಮೇಲಿನವರು ಹೇಳಿದ್ದು ಸರಿ, ಎಸ್ಟರ್ ಎಂಬ ತೀರ್ಮಾನ ಮಾತ್ರ ನಿಲ್ಲುವುದಿಲ್ಲ. ಉಂಗುರಕ್ಕೆ ನೇರವಾಗಿ ಅಂಟಿದ ಎಸ್ಟರ್ ಆಗಿದ್ದರೆ ಕಾರ್ಬೊನಿಲ್ ಪೀಕ್ 1720ರ ಸುತ್ತ ಬರುತ್ತಿತ್ತು. ಅಷ್ಟೇ ಅಲ್ಲ, 1275 ಮತ್ತು 1110ರ ಆಸುಪಾಸಿನಲ್ಲಿ ಎರಡು ಬಲವಾದ C–O ಪೀಕುಗಳು ಕಾಣಬೇಕಿತ್ತು. ಉಂಗುರ ಮತ್ತು ಕಾರ್ಬೊನಿಲ್ ಇಂಗಾಲದ ನಡುವಿನ C–C ಬಂಧವೂ 1200ರ ಬಳಿ ಹೀರಿಕೆ ಕೊಡುತ್ತದೆ, ಆದ್ದರಿಂದ 1204 ಒಂದನ್ನೇ ಹಿಡಿದು ಎಸ್ಟರ್ ಎನ್ನಲಾಗದು.

ಪ್ರಶ್ನೆ ಕೇಳಿದವರು 1703ರ ಮೇಲೆಯೇ ಇಡೀ ವಾದವನ್ನು ನಿಲ್ಲಿಸಿದ್ದಾರೆ. ಆ ಒಂದು ಸಂಖ್ಯೆ ಕೀಟೋನ್, ಆಲ್ಡಿಹೈಡ್, ಆಮ್ಲ ಮೂರಕ್ಕೂ ಹತ್ತಿರದಲ್ಲೇ ಇದೆ. ಸಾಮಾನ್ಯ ಆಲ್ಡಿಹೈಡ್ ಸುಮಾರು 1725ರಲ್ಲಿ ಹೀರಿದರೆ, ಉಂಗುರದೊಂದಿಗೆ ಸಂಯುಗ್ಮಗೊಂಡಾಗ ಅದು 1700ರ ಸುತ್ತಕ್ಕೆ ಇಳಿಯುತ್ತದೆ. ಹಾಗೆಯೇ ಸಾಮಾನ್ಯ ಕೀಟೋನಿನ 1715 ಅಸಿಟೋಫಿನೋನಿನಲ್ಲಿ 1686ರ ಹತ್ತಿರಕ್ಕೆ ಬರುತ್ತದೆ. ಹೀಗಾಗಿ ನಿಮ್ಮ 1703 ಉಂಗುರದ ಪಕ್ಕದ ಕೀಟೋನಿಗೆ ಸ್ವಲ್ಪ ಹೆಚ್ಚಾಯಿತು, ಉಂಗುರದ ಪಕ್ಕದ ಆಲ್ಡಿಹೈಡಿಗೆ ಸರಿಹೊಂದುತ್ತದೆ. ಆದರೂ ಇಷ್ಟರಿಂದಲೇ ತೀರ್ಪು ಕೊಡಬಾರದು, ಏಕೆಂದರೆ ಎಟಿಆರ್‌ನಲ್ಲಿ ಬಲವಾದ ಪೀಕುಗಳು ಕೆಲವು ಅಂಕಗಳಷ್ಟು ಕೆಳಕ್ಕೆ ಸರಿದು ಕಾಣುವುದುಂಟು.

ತೀರ್ಪು ಕೊಡುವ ಜೋಡಿ 2820 ಮತ್ತು 2738. ನಿಮ್ಮ ಪಟ್ಟಿಯಲ್ಲಿ ಅವೆರಡಕ್ಕೂ ನೀವು ಯಾವ ಅರ್ಥವನ್ನೂ ಕೊಟ್ಟಿಲ್ಲ. ಆಲ್ಡಿಹೈಡಿನ C–H ಹಿಗ್ಗುವಿಕೆಯೂ ಅದೇ C–H ಬಾಗುವಿಕೆಯ ಓವರ್‌ಟೋನೂ ಹೆಚ್ಚುಕಡಿಮೆ ಒಂದೇ ಶಕ್ತಿಯಲ್ಲಿ ಬಿದ್ದಾಗ, ಎರಡೂ ಪರಸ್ಪರ ಬೆರೆತು ಒಂದನ್ನೊಂದು ದೂರ ತಳ್ಳಿ ಎರಡು ಪೀಕುಗಳಾಗುತ್ತವೆ. ಫರ್ಮಿ ಅನುರಣನೆ ಎಂದು ತರಗತಿಯಲ್ಲಿ ಕೇಳಿದ್ದೀರಿ. ನಿಮ್ಮದೇ ಸಂಖ್ಯೆಗಳಿಂದ ಇದನ್ನು ಪರೀಕ್ಷಿಸಬಹುದು. 1391ರ ಬಾಗುವಿಕೆಯನ್ನು ಎರಡರಿಂದ ಗುಣಿಸಿದರೆ 2782 ಬರುತ್ತದೆ, 2820 ಮತ್ತು 2738ರ ನಡುಮಧ್ಯ 2779. ಈ ಎರಡು ಅಂಕಗಳು ಇಷ್ಟು ಹತ್ತಿರ ಬಂದಿರುವುದನ್ನು ವರದಿಯಲ್ಲಿ ಒಂದು ಸಾಲಾಗಿ ಬರೆದರೆ, ನೀವು ಪಟ್ಟಿ ನೋಡಿ ಹೆಸರು ಹಚ್ಚಿಲ್ಲ, ಯೋಚಿಸಿದ್ದೀರಿ ಎಂಬುದು ತಿದ್ದುವವರಿಗೆ ತಿಳಿಯುತ್ತದೆ. ಈ ಜೋಡಿಯಲ್ಲಿ 2820 ಇತರ ದ್ರವಗಳಲ್ಲಿ ಸಾಮಾನ್ಯ C–H ಪೀಕುಗಳ ಬುಡದಲ್ಲಿ ಮುಚ್ಚಿಹೋಗುವುದುಂಟು, 2738 ಮಾತ್ರ ಬಯಲಿನಲ್ಲಿ ನಿಲ್ಲುತ್ತದೆ, ಹಾಗಾಗಿ ಹೆಚ್ಚಿನ ಭಾರ ಅದರ ಮೇಲಿರಲಿ. ಎಟಿಆರ್‌ನಲ್ಲಿ ಹೆಚ್ಚಿನ ತರಂಗಸಂಖ್ಯೆಯ ಪೀಕುಗಳು ಸಹಜವಾಗಿಯೇ ತಗ್ಗಿ ಕಾಣುತ್ತವೆ, ಆದ್ದರಿಂದ ಇವು ಚಿಕ್ಕದಾಗಿವೆಯೆಂದು ಬಿಟ್ಟುಬಿಡಬೇಡಿ.

3400ರ ಉಬ್ಬನ್ನು O–H ಎಂದು ಬರೆಯುವ ಮೊದಲು 1703ನ್ನು ದ್ವಿಗುಣಗೊಳಿಸಿ ನೋಡಿ. ಕಾರ್ಬೊನಿಲಿನ ಓವರ್‌ಟೋನ್ ಅಲ್ಲಿಯೇ, 3400ಕ್ಕೆ ತುಸು ಕೆಳಗೆ, ಕ್ಷೀಣವಾಗಿ ಬರುತ್ತದೆ.

ಔಷಧ ಕಾರ್ಖಾನೆಯ ಗುಣಮಟ್ಟ ವಿಭಾಗದವರು, ಬೆಂಗಳೂರು: ನನ್ನ ಅನುಭವದಲ್ಲಿ ಇಂಥ ಗೊಂದಲಗಳ ಮೂಲ ಬಹುಪಾಲು ಅಸಿಟೋನ್. ನಮ್ಮಲ್ಲಿ ಎಟಿಆರ್ ಹರಳನ್ನು ಅಸಿಟೋನಿನಿಂದ ಒರೆಸಿ, ಆರುವ ಮೊದಲೇ ಮಾದರಿಯನ್ನು ಇಟ್ಟಿದ್ದರಿಂದ ಕಾರ್ಬೊನಿಲ್ ಇಲ್ಲದ ವಸ್ತುವಿಗೂ 1715ರಲ್ಲಿ ಪೀಕ್ ಬಂದು, ಇಡೀ ಬ್ಯಾಚನ್ನು ತಡೆಹಿಡಿಯಬೇಕಾಯಿತು. ನಿಮ್ಮ 1703 ಕೂಡ ಅದೇ ಇರಬಹುದು. ಬರಿಯ ಹರಳಿನ ಸ್ಪೆಕ್ಟ್ರಮ್ ತೆಗೆದು ನೋಡಿ.

ಉಪನ್ಯಾಸಕಿ: ಬರಿಯ ಹರಳನ್ನು ಪರೀಕ್ಷಿಸುವ ಸಲಹೆಯನ್ನು ಎಲ್ಲರೂ ಪಾಲಿಸಬೇಕು ಸರ್. ಆದರೆ ಇಲ್ಲಿ 1703 ಇಡೀ ಸ್ಪೆಕ್ಟ್ರಮ್‌ನ ಅತಿ ಬಲವಾದ ಪೀಕ್, ಮಾದರಿಯೂ ಕಾರ್ಬೊನಿಲ್ ಎಂದು ಮೊದಲೇ ತಿಳಿಸಿದ್ದಾರೆ. ಅಸಿಟೋನ್ ಉಳಿದಿದ್ದರೆ 1715ರ ಜೊತೆಗೆ 1363 ಮತ್ತು 1222ರಲ್ಲಿಯೂ ಕಾಣಬೇಕಿತ್ತು, ಈ ಪಟ್ಟಿಯಲ್ಲಿ ಅವಿಲ್ಲ.

ಎಂ.ಎಸ್ಸಿ. ವಿದ್ಯಾರ್ಥಿ: ಎಸ್ಟರ್ ಅಲ್ಲವೆಂದು ಒಪ್ಪುತ್ತೇನೆ ಮೇಡಂ. ಆದರೆ 828 ಏನಾಯಿತು? 4-ಮೀಥೈಲ್‌ಬೆಂಜಾಲ್ಡಿಹೈಡ್ ಯಾಕಾಗಬಾರದು?

ಉಪನ್ಯಾಸಕಿ: ಒಳ್ಳೆಯ ಪ್ರಶ್ನೆ. 828ನ್ನು ಒಂಟಿಯಾಗಿ ಓದಿದರೆ ಆ ಕಡೆಗೇ ಮನಸ್ಸು ಹೋಗುತ್ತದೆ. ಆದರೆ ಒಂದೇ ಗುಂಪು ಹೊತ್ತ ಉಂಗುರವು 750 ಮತ್ತು 690ರ ಬಳಿ ಎರಡು ಬಲವಾದ ಪೀಕುಗಳನ್ನು ಕೊಡುತ್ತದೆ, ನಿಮ್ಮ ಮುಂದೆ 746 ಮತ್ತು 688 ಎರಡೂ ಇವೆ. ಮೀಥೈಲ್ ಇದ್ದಿದ್ದರೆ 2920ರ ಸುತ್ತ C–H ಪೀಕ್ ಇರಬೇಕಿತ್ತು. ಇಲ್ಲಿ 3000ಕ್ಕೂ 2850ಕ್ಕೂ ನಡುವೆ ಏನೂ ಇಲ್ಲದಿರುವುದೇ ಒಂದು ಪುರಾವೆ, ಅದನ್ನೂ ವರದಿಯಲ್ಲಿ ಬರೆಯಬೇಕು. ಬೆಂಜಾಲ್ಡಿಹೈಡಿನ ಪ್ರಕಟಿತ ಸ್ಪೆಕ್ಟ್ರಮ್‌ನಲ್ಲಿ 828 ಸಹ ಇದೆ.

ಪ್ರಶ್ನೆ ಕೇಳಿದವರು: ಹಾಗಾದರೆ 1690ರ ಶೋಲ್ಡರ್? 3000ದಿಂದ 2500ರವರೆಗೆ ತಳರೇಖೆಯೂ ಸ್ವಲ್ಪ ಜಗ್ಗಿದಂತಿದೆ, ಜೊತೆಗಾರ್ತಿ ಆಮ್ಲವೆಂದು ಹೇಳಿದ್ದು ಅದಕ್ಕಾಗಿಯೇ. ಸೀಸೆಯ ಬಾಯಿಯ ಸುತ್ತ ಬಿಳಿ ಪುಡಿಯಂಥದ್ದು ಅಂಟಿತ್ತು.

ಉಪನ್ಯಾಸಕಿ: ಆ ಬಿಳಿ ಪುಡಿಯ ವಿಷಯವನ್ನು ಮೊದಲೇ ಹೇಳಬೇಕಿತ್ತು! ಬೆಂಜಾಲ್ಡಿಹೈಡ್ ಗಾಳಿಯ ಆಮ್ಲಜನಕದಿಂದ ತಾನಾಗಿಯೇ ಬೆಂಜೋಯಿಕ್ ಆಮ್ಲವಾಗುತ್ತದೆ. ಪದೇ ಪದೇ ತೆರೆದ ಸೀಸೆಯ ಕುತ್ತಿಗೆಯಲ್ಲಿ ಹರಳುಗಟ್ಟುವುದು ಬಹುಮಟ್ಟಿಗೆ ಅದೇ. ಆ ಆಮ್ಲದ ಕಾರ್ಬೊನಿಲ್ 1690ರ ಆಸುಪಾಸಿನಲ್ಲಿ ಹೀರುತ್ತದೆ, ಅದರ O–H ಹೀರಿಕೆ 3000ದಿಂದ 2500ರವರೆಗೆ ಅಗಲವಾಗಿ ಹರಡಿಕೊಳ್ಳುತ್ತದೆ. ನಿಮ್ಮ ಜೊತೆಗಾರ್ತಿ ಕಂಡದ್ದು ನಿಜವೇ, ಆದರೆ ಅದು ಮುಖ್ಯ ವಸ್ತುವಲ್ಲ, ಕಲಬೆರಕೆ. ಶುದ್ಧ ಆಮ್ಲವಾಗಿದ್ದರೆ ಕೋಣೆಯ ತಾಪದಲ್ಲಿ ಘನವಾಗಿರುತ್ತಿತ್ತು, 2738 ಇಷ್ಟು ಸ್ಪಷ್ಟವಾಗಿ ನಿಲ್ಲುತ್ತಲೂ ಇರಲಿಲ್ಲ.

ಗುಣಮಟ್ಟ ವಿಭಾಗದವರು: ಶೋಲ್ಡರ್ ಆಮ್ಲದ್ದೇ ಎಂದು ಇಷ್ಟು ಬೇಗ ಒಪ್ಪಲು ನನಗೆ ಮನಸ್ಸಿಲ್ಲ ಮೇಡಂ. ಜಗ್ಗಿದ ತಳರೇಖೆ ಹಿನ್ನೆಲೆ ಸ್ಕ್ಯಾನ್ ಹಳೆಯದಾದರೂ ಬರುತ್ತದೆ, ಬಲವಾದ ಪೀಕಿನ ಆಕಾರ ಎಟಿಆರ್‌ನಲ್ಲಿ ಒಂದು ಬದಿಗೆ ಎಳೆದಂತಾಗುವುದೂ ಇದೆ.

ಉಪನ್ಯಾಸಕಿ: ಅದನ್ನು ಅಲ್ಲಗಳೆಯುವುದಿಲ್ಲ, ಪರೀಕ್ಷಿಸಿದರೆ ತಿಳಿಯುತ್ತದೆ. ಸ್ವಲ್ಪ ಮಾದರಿಯನ್ನು ಸೋಡಿಯಂ ಬೈಕಾರ್ಬನೇಟ್ ದ್ರಾವಣದೊಂದಿಗೆ ಕುಲುಕಿ, ಸಾವಯವ ಪದರವನ್ನು ಬೇರ್ಪಡಿಸಿ, ನಿರ್ಜಲ ಸೋಡಿಯಂ ಸಲ್ಫೇಟಿನಲ್ಲಿ ಒಣಗಿಸಿ, ಹೊಸ ಹಿನ್ನೆಲೆ ಸ್ಕ್ಯಾನ್ ತೆಗೆದುಕೊಂಡು ಮತ್ತೆ ಓಡಿಸಿ. ಶೋಲ್ಡರ್ ಮಾಯವಾದರೆ ಆಮ್ಲ, ಹಾಗೇ ಉಳಿದರೆ ಸರ್ ಹೇಳಿದ ಕಾರಣವನ್ನು ಮುಂದಕ್ಕೆ ತೆಗೆದುಕೊಳ್ಳಬೇಕು. ಕುಲುಕುವಾಗ ಇಂಗಾಲದ ಡೈಆಕ್ಸೈಡ್ ಬರಬಹುದು, ಪ್ರತ್ಯೇಕಕ ಆಲಿಕೆಯ ಒತ್ತಡವನ್ನು ಆಗಾಗ ಬಿಡಿ.

ತೀರ್ಮಾನದ ಸಾಲನ್ನು ಐಆರ್ ಎಲ್ಲಿಯವರೆಗೆ ಹೇಳುತ್ತದೆಯೋ ಅಲ್ಲಿಗೆ ನಿಲ್ಲಿಸಿ. ನಾನಾದರೆ ಹೀಗೆ ಬರೆಯುತ್ತಿದ್ದೆ: "1703ರ ಬಲವಾದ C=O ಹೀರಿಕೆ, 2820 ಮತ್ತು 2738ರ ಜೋಡಿ, ಉಂಗುರದ 1597 ಮತ್ತು 1584, ಹಾಗೂ 746 ಮತ್ತು 688 ಒಟ್ಟಾಗಿ ಏಕಗುಂಪಿನ ಆರೊಮ್ಯಾಟಿಕ್ ಆಲ್ಡಿಹೈಡನ್ನು ಸೂಚಿಸುತ್ತವೆ. 3000 ಮತ್ತು 2850ರ ನಡುವೆ ಹೀರಿಕೆ ಇಲ್ಲದಿರುವುದು ಆಲ್ಕೈಲ್ ಗುಂಪುಗಳಿಲ್ಲವೆಂಬುದಕ್ಕೆ ಹೊಂದುತ್ತದೆ. 1690ರ ಶೋಲ್ಡರ್ ಆಮ್ಲದ ಕಲಬೆರಕೆಯಿಂದ ಇರಬಹುದು, ಇನ್ನೂ ದೃಢಪಟ್ಟಿಲ್ಲ." ಬೆಂಜಾಲ್ಡಿಹೈಡ್ ಎಂಬ ಹೆಸರನ್ನು 2,4-ಡಿಎನ್‌ಪಿ ಉತ್ಪನ್ನದ ದ್ರವನಬಿಂದು ಸುಮಾರು 237 ಡಿಗ್ರಿ ಸೆಲ್ಸಿಯಸ್‌ಗೆ ಹೊಂದಿದ ಮೇಲೆಯೇ ಬರೆಯಿರಿ.